ನಡಾವಳಿಯ ಮೊದಲ ಅರ್ಧ ಪುಟ

ಡೊಂಬಿವಲಿಯಿಂದ ಪ್ರಶ್ನೆ: ನಮ್ಮ ಸಣ್ಣ ಕನ್ನಡ ಸಂಘಕ್ಕೆ ಹೊಸದಾಗಿ ಕಾರ್ಯದರ್ಶಿಯಾಗಿದ್ದೇನೆ. ಹಿಂದಿನವರು ‘ಕೋರಂ ಇತ್ತು, ಸಭೆ ಆರಂಭವಾಯಿತು’ ಎಂದಷ್ಟೇ ಬರೆಯುತ್ತಿದ್ದರು. ಅಷ್ಟು ಸಾಕೇ? ಬಾರದವರನ್ನು, ವಿಷಯದಲ್ಲಿ ಸ್ವಂತ ಸಂಬಂಧ ಇರುವವರನ್ನು ಹೇಗೆ ನಮೂದಿಸುತ್ತೀರಿ?

ಪುಣೆಯ ಮಾಜಿ ಕಾರ್ಯದರ್ಶಿ: ಸಾಲದು ಎಂದು ನಾನು ಪೆಟ್ಟು ತಿಂದು ಕಲಿತೆ. ನಮ್ಮ ಸಮಿತಿಯಲ್ಲಿ 13 ಜನ, ನಿಯಮಾವಳಿಯ ಪ್ರಕಾರ ಕೋರಂ 7. ಸಂಜೆ 6.10ಕ್ಕೆ 8 ಜನರೊಂದಿಗೆ ಸಭೆ ತೊಡಗಿತು. 7.15ಕ್ಕೆ ಒಬ್ಬರು ಬಸ್ ಹಿಡಿಯಲು ಎದ್ದು ಹೋದರು, ನಾನು ಬರೆದುಕೊಳ್ಳಲಿಲ್ಲ. ಆಮೇಲೆ ವಾರ್ಷಿಕೋತ್ಸವದ ಊಟದ ಗುತ್ತಿಗೆಯ ವಿಷಯ ಬಂತು. ಅಡುಗೆಯವರು ಸಮಿತಿಯ ಒಬ್ಬರ ಭಾವಮೈದುನ. ನಿಯಮದಂತೆ ಆ ಸದಸ್ಯರೂ ಹೊರಗೆ ನಿಂತರು. ಒಳಗೆ ಉಳಿದವರು 6. ಠರಾವು ಪಾಸಾಯಿತು, ನಡಾವಳಿಯಲ್ಲಿ ಮಾತ್ರ 8 ಜನರೇ! ಮುಂದಿನ ಸಭೆಯಲ್ಲಿ ಒಬ್ಬರು ಬೆರಳು ಮಡಚಿ ಎಣಿಸಿದರು. ಠರಾವನ್ನು ಮತ್ತೆ ಮಂಡಿಸಬೇಕಾಯಿತು.

ಅಂದಿನಿಂದ ಹೀಗೆ ಬರೆಯುತ್ತಿದ್ದೆ: ‘ಕೋರಂ 7, ಹಾಜರು 8, ಸಭೆ 6.10ಕ್ಕೆ ಆರಂಭ.’ ತಡವಾಗಿ ಬಂದವರ, ಮೊದಲೇ ಹೋದವರ ಸಮಯ ಹೆಸರಿನ ಪಕ್ಕದಲ್ಲಿ. ಯಾರಾದರೂ ಹೊರಗೆ ಹೋದ ವಿಷಯದ ಕೆಳಗೆ ಮತ್ತೆ ಎಣಿಕೆ.

ಠಾಣೆಯ ಸದಸ್ಯೆ: ನಮ್ಮ ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಕೋರಂ ಇಲ್ಲದಿದ್ದರೆ ಅರ್ಧ ಗಂಟೆ ಕಾದು ಮತ್ತೆ ಆರಂಭಿಸುತ್ತಾರೆ. ನೀವೂ ಹಾಗೆಯೇ ಮಾಡಬಹುದಲ್ಲ?

ಪುಣೆಯ ಮಾಜಿ ಕಾರ್ಯದರ್ಶಿ: ಅದು ನಿಮ್ಮ ಸೊಸೈಟಿಯ ಉಪನಿಯಮದಲ್ಲಿ ಸರ್ವಸದಸ್ಯರ ಸಭೆಗೆ ಇರುವ ದಾರಿ, ಅಕ್ಕ. ನಮ್ಮದು ಸಮಿತಿ ಸಭೆ. ನಮ್ಮ ಪುಸ್ತಕದಲ್ಲಿ ಆ ಮಾತಿಲ್ಲ.

ಅಂಧೇರಿಯ ಲೆಕ್ಕಿಗ: ಸಂಬಂಧ ಇರುವವರು ಕೂತಿದ್ದರೂ ಕೋರಂಗೆ ಸೇರುವುದೇ ಇಲ್ಲ. ಎಲ್ಲ ಕಡೆಯೂ ಇದೇ ನಿಯಮ.

ಪುಣೆಯ ಮಾಜಿ ಕಾರ್ಯದರ್ಶಿ: ಎಲ್ಲ ಕಡೆ ಅಲ್ಲ, ಸರ್. ಕಂಪನಿ ಮಂಡಳಿಯ ನಿಯಮವನ್ನು ಸಂಘಕ್ಕೆ ಹೊರಿಸಬೇಡಿ. ಸಂಘದ ನಿಯಮಾವಳಿ ಹೇಳಿದ್ದೇ ಲೆಕ್ಕ. ಅದು ಮೌನವಾಗಿದ್ದರೆ ಆ ವ್ಯಕ್ತಿಯನ್ನು ಬಿಟ್ಟು ಎಣಿಸುವುದು ಕ್ಷೇಮ. ಘೋಷಣೆಯಲ್ಲಿ ‘ಶ್ರೀಯುತರು ಹಿತಾಸಕ್ತಿ ಘೋಷಿಸಿದರು’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಯಾವ ವಿಷಯ, ಏನು ಸಂಬಂಧ, ಹೊರಗೆ ಹೋದರೇ ಅಥವಾ ಮತ ಹಾಕದೆ ಕೂತರೇ, ಮರಳಿ ಯಾವಾಗ ಬಂದರು, ಇಷ್ಟೂ ಬೇಕು. ಯಾರೂ ಹೇಳದಿದ್ದರೆ ‘ಅಧ್ಯಕ್ಷರು ಕೇಳಿದರು, ಯಾರೂ ಘೋಷಿಸಲಿಲ್ಲ’ ಎಂದು ಬರೆಯಿರಿ. ಕೇಳಿದ್ದಕ್ಕೆ ಅದೇ ಸಾಕ್ಷಿ.

ಮಡಗಾಂವಿನ ಶಿಕ್ಷಕಿ: ಬಾರದವರನ್ನು ನಾನು ಎರಡಾಗಿ ಬರೆಯುತ್ತೇನೆ: ಮೊದಲೇ ತಿಳಿಸಿದವರು, ತಿಳಿಸದವರು. ಸತತ ಮೂರು ಸಭೆ ತಪ್ಪಿಸಿದರೆ ಸದಸ್ಯತ್ವ ಹೋಗುತ್ತದೆ ಎಂಬ ನಿಯಮ ನಮ್ಮಲ್ಲಿದೆ, ಆಗ ಈ ಎರಡು ಸಾಲಿನ ಮೇಲೆಯೇ ಜಗಳ. ಕಾರಣ ಮಾತ್ರ ಬರೆಯುವುದಿಲ್ಲ. ಒಬ್ಬರ ಆಪರೇಷನ್ ಸುದ್ದಿ ನಡಾವಳಿಯಿಂದ ಊರಿಗೆಲ್ಲ ಹರಡಿತ್ತು.

ಡೊಂಬಿವಲಿ: ಮೊಬೈಲ್‌ನಲ್ಲಿ ವಿಡಿಯೋ ಮೂಲಕ ಸೇರುವವರು?

ಪುಣೆಯ ಮಾಜಿ ಕಾರ್ಯದರ್ಶಿ: ನಮ್ಮಲ್ಲಿ ಅದಕ್ಕೆ ನಿಯಮ ಇರಲಿಲ್ಲ, ಎಣಿಸಲಿಲ್ಲ.

ಮಡಗಾಂವಿನ ಶಿಕ್ಷಕಿ: ನಾವು ಎಣಿಸುತ್ತೇವೆ. ನಿಯಮದಲ್ಲಿ ಇದೆಯೇ ಎಂದು ಈಗ ನೋಡಬೇಕು.