ಅಪ್‌ಡೇಟ್: ಉಗ್ಗು ಇದೆ ಅಂತ ಇಂಟರ್‌ವ್ಯೂನಲ್ಲಿ ಮೊದಲೇ ಹೇಳಿದೆ

ನಾನು ಕೇಳಿದ್ದು: "ನನ್ನ ಹೆಸರು ಹೇಳುವಾಗಲೇ ಉಗ್ಗುತ್ತೇನೆ. ಇಂಟರ್‌ವ್ಯೂನಲ್ಲಿ ಮೊದಲೇ ಹೇಳಿಬಿಡಲಾ?"

ಹೇಳಿಬಿಟ್ಟೆ. ಕೆಲಸವೂ ಸಿಕ್ಕಿತು! ಕೂತ ತಕ್ಷಣ, "ಸರ್, ನನಗೆ ಉಗ್ಗು ಇದೆ. ಮಾತು ನಿಂತರೆ ಸ್ವಲ್ಪ ಕಾಯಿರಿ, ನಾನೇ ಮುಗಿಸ್ತೀನಿ" ಅಂದೆ. ಅವರು ಮಧ್ಯೆ ಬಾಯಿ ಹಾಕಲೇ ಇಲ್ಲ. ಈ ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್.

ನನ್ನ ಹೆಸರು 'ಪ'ದಿಂದ ಶುರು. ತುಟಿ ಬಿಗಿಯಾಗಿ ಒತ್ತದೆ ಮೆಲ್ಲಗೆ ತಾಗಿಸಿ, ಉಸಿರು ಬಿಡುತ್ತಾ ಹೇಳುವುದನ್ನು ಅಣ್ಣನ ಜೊತೆ ಫೋನ್‌ನಲ್ಲಿ ಅಭ್ಯಾಸ ಮಾಡಿದ್ದೆ. ಅದೂ ಕೈಹಿಡಿಯಿತು.

ಉತ್ತರ ಬಾಯಿಪಾಠ ಮಾಡುವ ಸಲಹೆ ಮಾತ್ರ ನನಗೆ ಒಗ್ಗಲಿಲ್ಲ. ಕಷ್ಟದ ಪದ ಬರುತ್ತಿದೆ ಅಂತ ಮೊದಲೇ ಗೊತ್ತಿದ್ದರೆ ಗಂಟಲು ಇನ್ನೂ ಜಾಸ್ತಿ ಬಿಗಿಯುತ್ತೆ.

ಅಚ್ಚರಿ ಆಗಿದ್ದು ಇದು: ಅಂಗಡಿಯಲ್ಲಿ ಬೇಕಂತಲೇ ಒಂದೆರಡು ಪದ ಉಗ್ಗಿ ಮಾತಾಡಿದೆ. ಭಯ ಇಳಿದಿದ್ದು ಅದರಿಂದಲೇ. ಉಗ್ಗು ಹೋಗಿಲ್ಲ, ಇಂಟರ್‌ವ್ಯೂನಲ್ಲೂ ಬಂತು.