‘ಟಾಕ್ಟ್’ಗೆ ಕನ್ನಡದಲ್ಲಿ ಏನನ್ನೋಣ?

ಕುಶಾಲನಗರದಿಂದ:
ಕೂಡ್ಲೂರಿನ ಕಾಫಿಪುಡಿ ಪ್ಯಾಕಿಂಗ್ ಲೈನಿಗೆ ಕನ್ನಡದಲ್ಲಿ ಬೋರ್ಡು ಬರೆಸಬೇಕಿದೆ. ಎಷ್ಟು ಸೆಕೆಂಡಿಗೊಂದು ಪ್ಯಾಕೆಟ್ ಹೊರಬೀಳಬೇಕು ಅನ್ನುವ ‘ಟಾಕ್ಟ್’ಗೆ ಒಬ್ಬರು ‘ಆವರ್ತ ಸಮಯ’ ಎಂದು ಬರೆದಿದ್ದಾರೆ. ಸರಿಯೇ? ಶಿಫ್ಟು 510 ನಿಮಿಷ. ಊಟಕ್ಕೆ 30, ಎರಡು ಟೀಗೆ 20, ಬೆಳಗಿನ ಮೀಟಿಂಗಿಗೆ 10 ಹೋಗುತ್ತದೆ. ಸೈಜ್ ಬದಲಾವಣೆ ಎರಡು ಸಲ, ತಲಾ 30 ನಿಮಿಷ. ಬೇಕಿರುವುದು 1800 ಪ್ಯಾಕೆಟ್. ‘ಲಭ್ಯ ನಿಮಿಷ’ ಅಂದರೆ ಯಾವುದು?

ಗೋಣಿಕೊಪ್ಪದಿಂದ:
ನಮ್ಮ ತೋಟದಲ್ಲಿ ಹಣ್ಣು ಕೊಯ್ಯುವವರಿಗೆ ಕಿಲೋ ಲೆಕ್ಕ. ಜಾಸ್ತಿ ಕೊಯ್ದವರಿಗೆ ಜಾಸ್ತಿ ದುಡ್ಡು. ಪ್ಯಾಕೆಟ್ಟಿಗೂ ಹಾಗೇ ಕೊಟ್ಟರೆ ಈ ತಾಪತ್ರಯವೇ ಇಲ್ಲವಲ್ಲ?

ಮಡಿಕೇರಿಯಿಂದ:
ಅವರು ಕೇಳಿದ್ದು ಕೂಲಿಯ ಮಾತಲ್ಲ. ಬ್ರೇಕು, ಸೈಜ್ ಬದಲಾವಣೆ ಎರಡನ್ನೂ ಕಳೆಯಿರಿ. ಮಿಷನ್ ಕೆಟ್ಟು ನಿಲ್ಲುವ ಹೊತ್ತನ್ನೂ ಅಂದಾಜು ಹಾಕಿ ಕಳೆದುಬಿಡಿ, ಆಗ ಗುರಿ ಮುಟ್ಟುತ್ತದೆ.

ವಿರಾಜಪೇಟೆಯಿಂದ:
ಮಡಿಕೇರಿಯವರ ಮಾತು ಅರ್ಧ ಸರಿ. ಬ್ರೇಕು, ಮೀಟಿಂಗು ಕಳೆದರೆ 450 ನಿಮಿಷ, ಅಂದರೆ 27,000 ಸೆಕೆಂಡು. 1800ರಿಂದ ಭಾಗಿಸಿದರೆ 15 ಸೆಕೆಂಡು. ಇದು ಗಿರಾಕಿ ಕೇಳುವ ವೇಗ, ಟಾಕ್ಟ್ ಇದೇ. ಬದಲಾವಣೆಯ 60 ನಿಮಿಷವನ್ನೂ ಕಳೆದರೆ 390 ಉಳಿಯುತ್ತದೆ, 13 ಸೆಕೆಂಡು ಬರುತ್ತದೆ. ಲೈನು ಓಡುವಾಗ ಹಿಡಿಯಬೇಕಾದ ವೇಗ ಇದು. ಎರಡಕ್ಕೂ ಒಂದೇ ಹೆಸರಿಟ್ಟು 15 ಎಂದು ಬೋರ್ಡಿಗೆ ಹಾಕಿದರೆ, 390 ನಿಮಿಷದಲ್ಲಿ 1560 ಪ್ಯಾಕೆಟ್ ಮಾತ್ರ ಆಗುತ್ತದೆ. ಉಳಿದ 240 ಸಂಜೆ ಓವರ್‌ಟೈಮಿಗೆ ಬೀಳುತ್ತದೆ.

ಕೆಟ್ಟು ನಿಲ್ಲುವುದನ್ನು ಮೊದಲೇ ಕಳೆಯಬೇಡಿ. ಕಳೆದರೆ ಅದು ಲೆಕ್ಕದೊಳಗೆ ಅಡಗಿ ಕೂರುತ್ತದೆ, ರಿಪೇರಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೋರ್ಡಿನಲ್ಲಿ ಬೇರೆ ಸಾಲು ಕೊಡಿ. ಟೀ ಸರದಿಯಲ್ಲಿ ಕುಡಿದು, ಬದಲಿ ಆಳು ನಿಂತು ಲೈನು ಓಡುತ್ತಲೇ ಇದ್ದರೆ ಆ 20 ನಿಮಿಷವನ್ನೂ ಕಳೆಯಬಾರದು.

ಬದಲಾವಣೆಯ ಆ 30 ನಿಮಿಷ ಅಳೆದದ್ದು ಹೇಗೆ ಎಂದೂ ಕೇಳಿ. ಬೋಲ್ಟ್ ಬಿಚ್ಚಿದ್ದರಿಂದ ಬಿಗಿದವರೆಗೆ ಎಂದರೆ ಸುಳ್ಳು ಲೆಕ್ಕ. ಹಳೆ ಸೈಜಿನ ಕೊನೆಯ ಒಳ್ಳೆ ಪ್ಯಾಕೆಟ್ಟಿನಿಂದ ಹೊಸ ಸೈಜಿನ ಮೊದಲ ಒಳ್ಳೆ ಪ್ಯಾಕೆಟ್ಟಿನವರೆಗೆ ಎಣಿಸಬೇಕು. ಸ್ಟೋರಿನಿಂದ ರೋಲ್ ತರುವುದು, ಸೀಲು ಹಾಕುವ ಭಾಗ ಬಿಸಿಯಾಗುವುದು, ಸೀಲು ಬಿಟ್ಟ ಪ್ಯಾಕೆಟ್ ಎಸೆಯುವುದು, ಎಲ್ಲ ಅದರಲ್ಲಿ ಬರುತ್ತದೆ.

ಇನ್ನು ಪದ. ‘ಆವರ್ತ’ ಬೇಡ. ಒಬ್ಬರು ತಮ್ಮ ಕೆಲಸದ ಒಂದು ಸುತ್ತು ಮುಗಿಸಲು ಹಿಡಿಯುವ ಹೊತ್ತಿಗೆ ಅದನ್ನು ಉಳಿಸಿಕೊಳ್ಳಿ. ಟಾಕ್ಟ್ ಜರ್ಮನ್ ಸಂಗೀತದ ಮಾತು. ‘ತಾಳ’ ಎಂದರೆ ನಮಗೆ ಇಡೀ ಚಕ್ರ ನೆನಪಾಗುತ್ತದೆ, ಎರಡು ಪೆಟ್ಟಿನ ನಡುವಿನ ಹೊತ್ತಿಗೆ ‘ಲಯ’ವೇ ಹತ್ತಿರ. 15ಕ್ಕೆ ‘ಬೇಡಿಕೆ ಲಯ’, 13ಕ್ಕೆ ‘ಓಟದ ಲಯ’ ಎಂದರೆ ಗೊಂದಲವಾಗದು.

ಮಡಿಕೇರಿಯಿಂದ:
ಕೆಟ್ಟು ನಿಲ್ಲುವುದರ ಮಾತು ಒಪ್ಪಿದೆ. ಆದರೂ ದಿನಕ್ಕೆ ಹತ್ತು ನಿಮಿಷವಾದರೂ ನಿಂತೇ ನಿಲ್ಲುವ ಲೈನಿಗೆ 13 ಸಾಕಾಗುತ್ತದೆಯೇ? ಪದಕ್ಕೆ ಬಂದರೆ ನಮ್ಮೂರಿಗೆ ‘ದುಡಿಪೆಟ್ಟು’ ಚೆನ್ನ. ವಾದ್ಯವೂ ದುಡಿ, ಕೆಲಸವೂ ದುಡಿ.

ಕುಶಾಲನಗರದಿಂದ:
ದುಡಿಪೆಟ್ಟು ಎಂದರೆ ಲೈನಿನವರು ನಗುತ್ತಾರೆ, ಮರೆಯುವುದಂತೂ ಇಲ್ಲ. ನಾಳೆ ಬದಲಾವಣೆಯನ್ನು ಪ್ಯಾಕೆಟ್ಟಿನಿಂದ ಪ್ಯಾಕೆಟ್ಟಿಗೆ ಅಳೆಸುತ್ತೇನೆ. 30 ದಾಟಿದರೆ 13 ಕೂಡ ಬದಲಾಗಬೇಕಲ್ಲ.