ಕೂತ ಅಜ್ಜನಿಗೆ ಕೋಟು: ಮಡಿಲು, ಮೊಣಕೈ ಮಡಿಕೆ ಹೇಗೆ ಕೂರಿಸೋದು?

ಪುಣೆಯಿಂದ ಪ್ರಶ್ನೆ: ಅಜ್ಜ ಮಡಿಲಲ್ಲಿ ಮಗು ಇಟ್ಟುಕೊಂಡು ಕುರ್ಚಿಯಲ್ಲಿ ಕೂತ ಹಳೇ ಫೋಟೋ ಇದೆ, ಬರೀ ಬನಿಯನ್ ಹಾಕಿದ್ದಾರೆ. ಫೋಟೋಶಾಪ್‌ನಲ್ಲಿ ಕೋಟು ಹಾಕಿದೆ, ಅಂಟಿಸಿದ ಹಾಗೇ ಕಾಣುತ್ತೆ. ಏನು ಮಾಡಲಿ?

ಮಾಟುಂಗಾ: Displace ಫಿಲ್ಟರ್ ಹಾಕಿ, ಸಾಕು. ಕೆಳಗಿನ ಬಟ್ಟೆಯ ಮಡಿಕೆ ಮೇಲಿನದಕ್ಕೂ ಬರುತ್ತೆ.

ಡೊಂಬಿವಲಿ, ಸ್ಟುಡಿಯೋ ಕೆಲಸ: ಬಟ್ಟೆ ಅದೇ ಇದ್ದು ಬಣ್ಣ, ಡಿಸೈನ್ ಮಾತ್ರ ಬದಲಾಗೋದಾದರೆ ಅದು ಸರಿ. ಇಲ್ಲಿ ಕೆಳಗಿರೋದು ಬನಿಯನ್ನು, ಬರಿಯ ತೋಳು. ಕೋಟಿನ ಮಡಿಕೆ ಅಲ್ಲಿ ಇಲ್ಲವೇ ಇಲ್ಲ, ಎಲ್ಲಿಂದ ಬರಬೇಕು? ನೀವು ನಿಂತವರ ಕೋಟು ತಂದಿರಬೇಕು. ನಿಂತಾಗ ತೋಳು ನೇರ, ಅದನ್ನು Puppet Warp‌ನಲ್ಲಿ ಬಗ್ಗಿಸಿದರೆ ರಬ್ಬರ್ ಪೈಪಿನ ಹಾಗೆ ಬಾಗುತ್ತೆ. ನಿಜವಾದ ತೋಳು ಮಡಿಸಿದಾಗ ಮೊಣಕೈ ಹೊರಗಡೆ ಬಟ್ಟೆ ಬಿಗಿದು ನುಣುಪಾಗುತ್ತೆ, ಒಳಗಡೆ ಚಿಕ್ಕ ಚಿಕ್ಕ ಗಟ್ಟಿ ಮಡಿಕೆಗಳು ಒತ್ತಾಗಿ ಸೇರುತ್ತವೆ, ತೋಳಿನ ತುದಿ ಮಣಿಕಟ್ಟಿನಿಂದ ಸ್ವಲ್ಪ ಮೇಲೆ ಜರಗುತ್ತೆ. ಮಡಿಲಿನಲ್ಲಿ ಹೊಟ್ಟೆ ತೊಡೆ ಸೇರುವ ಕಡೆಯಿಂದ ಮಡಿಕೆಗಳು ಬೀಸಣಿಗೆಯ ಹಾಗೆ ಹರಡುತ್ತವೆ. ಕೂತವರು ಕೋಟಿನ ಗುಂಡಿ ಹಾಕಿದ್ದರೆ ಗುಂಡಿಯಿಂದ ನಾಲ್ಕೂ ಕಡೆ ಎಳೆತ ಕಾಣುತ್ತೆ, ಬಿಚ್ಚಿದ್ದರೆ ಎರಡು ಅಂಚೂ ತೊಡೆಯ ಪಕ್ಕಕ್ಕೆ ಬೀಳುತ್ತವೆ.

ನಾನು ಮಾಡೋದು ಹೀಗೆ. ಮನೆಯಲ್ಲಿ ಅಜ್ಜನ ಮೈಕಟ್ಟಿನವರು ಯಾರಾದರೂ ಇದ್ದರೆ ಕೋಟು ಹಾಕಿಸಿ, ಅದೇ ಎತ್ತರದ ಕುರ್ಚಿಯಲ್ಲಿ, ಕೈ ಅದೇ ರೀತಿ ಇಟ್ಟು ಕೂರಿಸಿ ಫೋಟೋ ತೆಗೆಯಿರಿ. ಅಜ್ಜನ ಮುಖದಲ್ಲಿ ಬೆಳಕು ಯಾವ ಕಡೆಯಿಂದ ಬಿದ್ದಿದೆಯೋ ಕಿಟಕಿ ಆ ಕಡೆಗೇ ಇರಲಿ, ಕ್ಯಾಮೆರಾ ಎತ್ತರವೂ ಹೊಂದಲಿ. ಆಮೇಲೆ ಭುಜದಿಂದ ಮೊಣಕೈ ಒಂದು ತುಂಡು, ಮೊಣಕೈಯಿಂದ ಮಣಿಕಟ್ಟು ಇನ್ನೊಂದು ಅಂತ ಬೇರೆ ಮಾಡಿ ಕೂರಿಸಿ. ಜೋಡಣೆಯನ್ನು ಒಳಮಡಿಕೆಯ ಕತ್ತಲಲ್ಲಿ ಮರೆಸಿ.

ಮಡಗಾಂವ್: ನನ್ನ ಅಮ್ಮನದು ನಿಂತ ಫೋಟೋ, ಸೀರೆ ಬದಲಾಯಿಸಿದ್ದು. ನೆರಿಗೆ ಎಲ್ಲಾ ಚೆನ್ನಾಗಿಯೇ ಬಂತು, ಆದರೂ ಅಂಟಿಸಿದ ಹಾಗೆ ಇತ್ತು. ಸೆರಗಿನ ನೆರಳು ತೋಳಿನ ಮೇಲೆ ಬಿದ್ದಿರಲಿಲ್ಲ!

ಡೊಂಬಿವಲಿ: ನಿಮ್ಮದು ನಿಂತ ಫೋಟೋ ಆದರೂ ನೆರಳಿನ ಮಾತು ಇಲ್ಲಿಗೂ ಸಲ್ಲುತ್ತೆ. ಮೊಣಕೈ ಕುರ್ಚಿ ಕೈಗೆ ತಾಗುವಲ್ಲಿ Multiply ಲೇಯರಿನಲ್ಲಿ ಸಣ್ಣ ಗಾಢ ಗೆರೆ, ಅದರಾಚೆ ಮಸುಕು ನೆರಳು ಬೇಕು. ಬಣ್ಣ ಕಡುಕಪ್ಪು ಬೇಡ, ಕುರ್ಚಿಯ ಕತ್ತಲ ಭಾಗದಿಂದಲೇ ತೆಗೆದುಕೊಳ್ಳಿ. ಅಂಗೈ ತೊಡೆ ಮೇಲಿದ್ದರೆ ಬಟ್ಟೆ ಅಲ್ಲಿ ಸ್ವಲ್ಪ ಒತ್ತಿರಬೇಕು. ಕೊನೆಗೆ ಕೋಟಿಗೂ ಹಳೇ ಫೋಟೋದಷ್ಟೇ ಮಸುಕು, ಸಣ್ಣ ಚುಕ್ಕೆಗಳ ಗ್ರೇನ್ ಕೊಡಿ. ಚಿತ್ರ ಕನ್ನಡಿಯ ಹಾಗೆ ತಿರುಗಿಸಿ, ಚಿಕ್ಕದು ಮಾಡಿ ನೋಡಿದರೆ ತಪ್ಪು ಬೇಗ ಕಣ್ಣಿಗೆ ಬೀಳುತ್ತೆ.

ಪುಣೆ: ಅಣ್ಣ ಅಜ್ಜನ ಹಾಗೇ ತೆಳ್ಳಗಿದ್ದಾನೆ, ಭಾನುವಾರ ಕೂರಿಸ್ತೀನಿ. ಆದರೆ ಅಜ್ಜನ ಮಡಿಲಲ್ಲಿ ಮಗು ಇದೆಯಲ್ವಾ, ಅದರ ಕಾಲಡಿಯ ಕೋಟು ಹೇಗೆ?

ಮಾಟುಂಗಾ: ಅಲ್ಲಿ ದಿಂಬು ಇಟ್ಟು ತೆಗೆಯಿರಿ.

ಡೊಂಬಿವಲಿ: ದಿಂಬಿಗೆ ಭಾರ ಇಲ್ಲ, ಬಟ್ಟೆ ಒತ್ತೋದಿಲ್ಲ. ಅಕ್ಕಿ ಚೀಲ ಇಟ್ಟರೆ ಆಗಬಹುದೇನೋ, ನಾನು ಮಾಡಿ ನೋಡಿಲ್ಲ.